ಕ್ರಿಯಾಟಿನಿನ್ ನಾರ್ಮಲ್ ಇರುವವರಿಗೇ ಡಾಕ್ಟರು ಬೇಗ ಬರಲು ಹೇಳಿದ್ದೇಕೆ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ಬಿಪಿ ಇದೆ. ಕ್ರಿಯಾಟಿನಿನ್ 1.5, ಇಜಿಎಫ್‌ಆರ್ 52, ಮೂತ್ರದ ಎಸಿಆರ್ 12. ಅಮ್ಮನಿಗೆ 57, ಶುಗರ್ ಇದೆ. ಕ್ರಿಯಾಟಿನಿನ್ 0.9, ಇಜಿಎಫ್‌ಆರ್ 75, ಎಸಿಆರ್ 460. ನಾಲ್ಕು ತಿಂಗಳ ಹಿಂದೆ ಮಾಡಿಸಿದಾಗಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ಮೂರನೇ ಸ್ಟೇಜಿನ ಅಪ್ಪನಿಗೆ ಮುಂದಿನ ವರ್ಷ ಬನ್ನಿ ಅಂದರು. ಎರಡನೇ ಸ್ಟೇಜಿನ ಅಮ್ಮನಿಗೆ ಹೊಸ ಮಾತ್ರೆ ಕೊಟ್ಟು ಮೂರೇ ವಾರಕ್ಕೆ ಬರಲು ಹೇಳಿದರು. ಇದು ಉಲ್ಟಾ ಅಲ್ವಾ?

ಉತ್ತರ: ಉಲ್ಟಾ ಅಲ್ಲ, ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ನಾನು ಕಿಡ್ನಿ ವಿಭಾಗದ ವೈದ್ಯ. ಓಪಿಡಿಯಲ್ಲಿ ಈ ಪ್ರಶ್ನೆ ದಿನಾ ಬರುತ್ತದೆ. ಅದಕ್ಕೆ ನಾವೇ ಕಾರಣ. 'ಮೂರನೇ ಸ್ಟೇಜ್' ಅಂತ ಅರ್ಧ ಮಾತು ಹೇಳಿ ಕಳಿಸಿಬಿಡುತ್ತೇವೆ.

ಉಳಿದರ್ಧ ಇರುವುದು ಮೂತ್ರದ ರಿಪೋರ್ಟಿನಲ್ಲಿ. ಕಿಡ್ನಿಯನ್ನು ಒಂದು ಜರಡಿ ಅಂದುಕೊಳ್ಳಿ. ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಅನ್ನುವುದನ್ನು ಇಜಿಎಫ್‌ಆರ್ ಹೇಳುತ್ತದೆ. ಜರಡಿ ಹರಿದಿದೆಯಾ ಅನ್ನುವುದನ್ನು ಎಸಿಆರ್, ಅಂದರೆ ಮೂತ್ರದಲ್ಲಿ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಆಲ್ಬುಮಿನ್ ಎಷ್ಟಿದೆ ಅನ್ನುವ ಲೆಕ್ಕ ಹೇಳುತ್ತದೆ. ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಅನ್ನುವ ಈ ಪ್ರೋಟೀನು ಮೂತ್ರಕ್ಕೆ ಜಾಸ್ತಿ ಇಳಿಯುತ್ತಿದ್ದರೆ ಸೋಸುವ ಪೊರೆಗೆ ಪೆಟ್ಟು ಬಿದ್ದಿದೆ ಅಂತ. ಹಾಗೆ ಸೋರುವ ಕಿಡ್ನಿ ಮುಂದೆ ಬೇಗ ಸವೆಯುವ ಸಾಧ್ಯತೆ ಹೆಚ್ಚು. ಹೃದಯದ ತೊಂದರೆಯ ಅಪಾಯವೂ ಅದರ ಜೊತೆಗೇ ಏರುತ್ತದೆ.

ಅದಕ್ಕೇ ಪ್ರತಿ ರೋಗಿಗೂ ಎರಡು ಅಂಕ ಇರುತ್ತವೆ. ಸೋಸುವ ವೇಗಕ್ಕೆ 'ಜಿ': 90 ಅಥವಾ ಮೇಲಿದ್ದರೆ ಜಿ1, 60ರಿಂದ 89 ಜಿ2, 45ರಿಂದ 59 ಜಿ3ಎ, 30ರಿಂದ 44 ಜಿ3ಬಿ, 15ರಿಂದ 29 ಜಿ4, ಅದಕ್ಕೂ ಕೆಳಗೆ ಜಿ5. ಆಲ್ಬುಮಿನ್‌ಗೆ 'ಎ': ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಎ1, 30ರಿಂದ 300 ಎ2, ಅದರ ಮೇಲೆ ಎ3. ಕೆಡಿಗೋ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೋಷ್ಟಕದಲ್ಲಿ ಈ ಎರಡೂ ಸೇರುವ ಮನೆ ನೋಡಿ ಅಪಾಯ ಎಷ್ಟು, ವರ್ಷಕ್ಕೆ ಎಷ್ಟು ಸಲ ಪರೀಕ್ಷೆ ಅನ್ನುವುದನ್ನು ನಿರ್ಧರಿಸುತ್ತೇವೆ.

ನಿಮ್ಮ ತಂದೆಯವರದು ಜಿ3ಎ, ಎ1. ಕೋಷ್ಟಕದಲ್ಲಿ ಹಳದಿ ಮನೆ, ವರ್ಷಕ್ಕೆ ಒಂದು ಸಲ ನೋಡಿದರೆ ಸಾಕು. ತಾಯಿಯವರದು ಜಿ2, ಎ3. ಅದು ಕಿತ್ತಳೆ ಮನೆ, ಅಂದರೆ ಒಂದು ಮೆಟ್ಟಿಲು ಜಾಸ್ತಿ ಅಪಾಯ. ಅಲ್ಲಿ ವರ್ಷಕ್ಕೆ ಸುಮಾರು ಮೂರು ಸಲ. ಎಸಿಆರ್ 300 ದಾಟಿ ಅಲ್ಲೇ ನಿಂತಿದ್ದರೆ, ಇಜಿಎಫ್‌ಆರ್ ಎಷ್ಟೇ ಚೆನ್ನಾಗಿರಲಿ, ಒಮ್ಮೆ ಕಿಡ್ನಿ ತಜ್ಞರಿಗೆ ತೋರಿಸಬೇಕು ಅನ್ನುವುದೂ ಅದೇ ಮಾರ್ಗಸೂಚಿಯ ಮಾತು. ಕ್ರಿಯಾಟಿನಿನ್ 0.9 ಅಂತ ನೋಡಿ ಲ್ಯಾಬಿನವರು 'ನಾರ್ಮಲ್' ಅಂತ ಅಚ್ಚು ಹಾಕಿರುತ್ತಾರೆ. ಮೂತ್ರ ನೋಡದೇ ಹೋಗಿದ್ದರೆ ತಾಯಿಯವರ ಕಾಯಿಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ತಂದೆಯವರ ಬಗ್ಗೆ ಇನ್ನೊಂದು ಮಾತು. ಇಜಿಎಫ್‌ಆರ್ ಅಳತೆಯಲ್ಲ, ಕ್ರಿಯಾಟಿನಿನ್, ವಯಸ್ಸು, ಲಿಂಗ ಇಟ್ಟುಕೊಂಡು ಹಾಕಿದ ಲೆಕ್ಕ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಕಟ್ಟುಮಸ್ತಾದ ಆಳಿಗೆ ಅದು ಸಹಜವಾಗಿಯೇ ಜಾಸ್ತಿ ಇರುತ್ತದೆ, ಲೆಕ್ಕ ಕಿಡ್ನಿಯನ್ನು ಇದ್ದದ್ದಕ್ಕಿಂತ ಕೆಟ್ಟದಾಗಿ ತೋರಿಸುತ್ತದೆ. ತೀರಾ ಸೊರಗಿದವರಲ್ಲಿ ಇದರ ತದ್ವಿರುದ್ಧ. ಮೂತ್ರ ಶುದ್ಧವಾಗಿದ್ದು ಇಜಿಎಫ್‌ಆರ್ ಮಾತ್ರ 45ರಿಂದ 59ರೊಳಗೆ ಇರುವವರಲ್ಲಿ ಸಿಸ್ಟಾಟಿನ್ ಸಿ ಅನ್ನುವ ರಕ್ತಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಅದು ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸಿಲ್ಲ. ಅದರ ಲೆಕ್ಕ 60ರ ಮೇಲೆ ಬಂದರೆ, ಕಿಡ್ನಿಗೆ ಪೆಟ್ಟಾದ ಬೇರೆ ಗುರುತೂ ಇಲ್ಲದಿದ್ದರೆ, 'ಮೂರನೇ ಸ್ಟೇಜ್' ಅನ್ನುವ ಹಣೆಪಟ್ಟಿಯೇ ಬೇಡವಾಗಬಹುದು. ಡಾಕ್ಟರನ್ನು ಕೇಳಿ ನೋಡಿ.

ಈಗ ಮೂರು ವಾರದ ವಿಷಯ. ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಹೆಸರಿನ ಕೊನೆಗೆ 'ಪ್ರಿಲ್' ಅಥವಾ 'ಸಾರ್ಟನ್' ಇದೆಯಾ ನೋಡಿ, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರ. ಬಹುಶಃ ಅದೇ ಇರಬೇಕು. ಈ ಮಾತ್ರೆಗಳು ಸೋಸುವ ಜಾಗದ ಒಳಒತ್ತಡ ಇಳಿಸುತ್ತವೆ, ಅದರಿಂದ ಸೋರಿಕೆ ತಗ್ಗುತ್ತದೆ. ಆದರೆ ಒತ್ತಡ ಇಳಿದಾಗ ಸೋಸುವ ವೇಗವೂ ಸ್ವಲ್ಪ ಇಳಿಯುತ್ತದೆ, ಪೊಟ್ಯಾಶಿಯಂ ಏರಬಹುದು. ಅದಕ್ಕೇ ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಶಿಯಂ ಎರಡನ್ನೂ ನೋಡುತ್ತೇವೆ.

ಜನ ಹೆದರುವುದು ಇಲ್ಲೇ. ತಾಯಿಯವರ ಕ್ರಿಯಾಟಿನಿನ್ ಮೂರು ವಾರದಲ್ಲಿ 0.9ರಿಂದ 1.1ಕ್ಕೆ ಏರಿತು ಅಂತಿಟ್ಟುಕೊಳ್ಳಿ. 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿದರೆ ಇಜಿಎಫ್‌ಆರ್ 59 ಬರುತ್ತದೆ. ಕಾಗದದ ಮೇಲೆ ಎರಡನೇ ಸ್ಟೇಜಿನವರು ಮೂರಕ್ಕೆ ಬಂದಂತೆ ಕಾಣುತ್ತದೆ. 'ಮಾತ್ರೆಯಿಂದಲೇ ಕಿಡ್ನಿ ಹಾಳಾಯ್ತು' ಅಂತ ತಾವಾಗಿಯೇ ನಿಲ್ಲಿಸಿಬಿಡುವವರನ್ನು ತುಂಬಾ ನೋಡಿದ್ದೇನೆ. ಏರಿದ್ದು ಶೇ. 22 ಅಷ್ಟೇ. ನಾಲ್ಕು ವಾರದೊಳಗೆ ಶೇ. 30ರವರೆಗಿನ ಏರಿಕೆಗೆ ಮಾತ್ರೆ ಮುಂದುವರಿಸಬಹುದು, ಆಮೇಲೆ ಅದು ಸಾಮಾನ್ಯವಾಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆಯಾ, ನೋವಿನ ಮಾತ್ರೆ ನುಂಗುತ್ತಿದ್ದಾರಾ, ಕಿಡ್ನಿಯ ರಕ್ತನಾಳ ಕಿರಿದಾಗಿದೆಯಾ ಅಂತ ಹುಡುಕಬೇಕು. ಅಂದಹಾಗೆ, ಸ್ಟೇಜ್ ಬದಲಾಯಿತು ಅನ್ನಬೇಕಾದರೂ ಒಂದು ರಿಪೋರ್ಟ್ ಸಾಲದು. ಕಾಯಿಲೆ ಇದೆ ಅನ್ನಲು ಮೂರು ತಿಂಗಳಿಗೂ ಜಾಸ್ತಿ ಕಾಲ ದೋಷ ಉಳಿದಿರಬೇಕು ಅನ್ನುವ ನಿಯಮ ಇರುವುದೂ ಇಂಥ ಏರಿಳಿತಗಳಿಂದಲೇ.

ಎಸಿಆರ್ ಇನ್ನೂ ಚಂಚಲ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ವ್ಯಾಯಾಮ, ಇಷ್ಟು ಸಾಕು ಏರಲು. ಬೆಳಗಿನ ಮೊದಲ ಮೂತ್ರವನ್ನೇ ಕೊಡಿ. ಬರೀ ಆಲ್ಬುಮಿನ್ ಅಲ್ಲ, ಕ್ರಿಯಾಟಿನಿನ್ ಜೊತೆಗಿನ ಅನುಪಾತವೇ ಬೇಕು ಅಂತಲೂ ಹೇಳಿ. ಲೀಟರಿಗೆ 60 ಮಿಲಿಗ್ರಾಂ ಆಲ್ಬುಮಿನ್ ಅಂತ ಬಂದರೆ ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಮೂತ್ರ ಗಟ್ಟಿಯಾಗಿದ್ದು ಲೀಟರಿಗೆ 2 ಗ್ರಾಂ ಕ್ರಿಯಾಟಿನಿನ್ ಇದ್ದರೆ ಅನುಪಾತ 30. ನೀರು ಜಾಸ್ತಿ ಕುಡಿದು 0.4 ಗ್ರಾಂ ಮಾತ್ರ ಇದ್ದರೆ ಅದೇ 60ಕ್ಕೆ ಅನುಪಾತ 150. 460 ಇದ್ದದ್ದು 400 ಆದರೆ ಅದನ್ನು ಸುಧಾರಣೆ ಅನ್ನಲಾರೆ. 200ಕ್ಕೆ ಇಳಿದರೆ ಮಾತ್ರೆ ಕೆಲಸ ಮಾಡುತ್ತಿದೆ ಅನ್ನಬಹುದು. ಎರಡರಷ್ಟಾದರೆ ಸುಮ್ನೆ ಬಿಡುವಂತಿಲ್ಲ.

ತಂದೆಯವರ ಎಸಿಆರ್ ಮುಂದೆ 30 ದಾಟಿದರೆ, ಅಥವಾ ಇಜಿಎಫ್‌ಆರ್ 45ಕ್ಕಿಂತ ಇಳಿದರೆ, ವರ್ಷಕ್ಕೆ ಎರಡು ಸಲ ಬರಬೇಕಾಗುತ್ತದೆ. ಜಿ3ಬಿ ಹೊತ್ತಿಗೆ ಮೆಟ್ಫಾರ್ಮಿನ್‌ನಂಥ ಔಷಧಿಗಳ ಡೋಸ್ ತಗ್ಗಿಸಬೇಕು, ಹಿಮೋಗ್ಲೋಬಿನ್, ರಂಜಕದ ಮೇಲೂ ಕಣ್ಣಿಡಬೇಕು. ಜಿ4ರಲ್ಲಿ ತಜ್ಞರ ಕೈಗೆ ಒಪ್ಪಿಸಿ, ಡಯಾಲಿಸಿಸ್, ಕಸಿ ಬಗ್ಗೆ ಮಾತು ಶುರು ಮಾಡುತ್ತೇವೆ, ಕೈಯ ರಕ್ತನಾಳಗಳನ್ನು ಜೋಪಾನ ಮಾಡಲು ಹೇಳುತ್ತೇವೆ. ಜಿ5 ಅಂದ ಮಾತ್ರಕ್ಕೆ ಮರುದಿನವೇ ಡಯಾಲಿಸಿಸ್ ಅಲ್ಲ. ವಾಂತಿ, ಊತ, ಏದುಸಿರು, ಇಳಿಯದ ಪೊಟ್ಯಾಶಿಯಂ ನೋಡಿ ಅದನ್ನು ತೀರ್ಮಾನಿಸುತ್ತೇವೆ. ನಿಮ್ಮ ಮನೆಯ ಇಬ್ಬರೂ ಅಲ್ಲಿಂದ ದೂರವಿದ್ದಾರೆ.

ಮುಂದಿನ ಸಲವೂ ಅದೇ ಲ್ಯಾಬಿನಲ್ಲಿ ಮಾಡಿಸಿ. ಕೆಲವು ಲ್ಯಾಬ್‌ಗಳು ಎಸಿಆರ್ ಅನ್ನು ಮಿಲಿಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಆ ಲೆಕ್ಕದಲ್ಲಿ ತಾಯಿಯವರ 460 ಬರೀ 52 ಅಂತ ಕಾಣುತ್ತದೆ, ಆದರೆ ಅದು ಅದೇ ಎ3.