ಕಿವಿಯೋಲೆ ಕಳೆದ ಹಸುವಿಗೆ ವಿಮೆ ಪರಿಹಾರ

ಪ್ರಶ್ನೆ: ವಿಮೆ ಮಾಡಿಸಿದ ನಮ್ಮ ಹಸುವಿನ ಕಿವಿಯೋಲೆ ಬೇಲಿಗೆ ಸಿಕ್ಕಿ ಬಿದ್ದುಹೋಗಿದೆ. ಮುಂದೆ ಹಸು ಸತ್ತರೆ ಪರಿಹಾರ ಸಿಗುತ್ತದೆಯೇ?

ಉತ್ತರ: ಓಲೆಯಿಲ್ಲದ ಸ್ಥಿತಿಯಲ್ಲೇ ಹಸು ಸತ್ತರೆ ಪರಿಹಾರ ಸಿಗುವುದು ಬಹಳ ಕಷ್ಟ, ಆದ್ದರಿಂದ ದಯವಿಟ್ಟು ಇಂದೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಪಾಲಿಸಿಯಲ್ಲಿ ಹಸುವಿನ ಬಣ್ಣ, ಕೊಂಬು, ವಯಸ್ಸು ದಾಖಲಾಗಿದ್ದರೂ, ಸತ್ತದ್ದು ಅದೇ ಹಸು ಎಂಬುದಕ್ಕೆ ಕಂಪನಿ ಮುಖ್ಯವಾಗಿ ನೋಡುವುದು ಓಲೆಯ 12 ಅಂಕಿಗಳ ಸಂಖ್ಯೆಯನ್ನು.

ಪಶುವೈದ್ಯರಿಂದ ಹೊಸ ಓಲೆ ಹಾಕಿಸಿ, ಹಳೆಯ ಮತ್ತು ಹೊಸ ಸಂಖ್ಯೆಗಳೆರಡನ್ನೂ ನಮೂದಿಸಿದ ಪ್ರಮಾಣಪತ್ರವನ್ನು ಹಸುವಿನ ಫೋಟೋದೊಂದಿಗೆ ಕಂಪನಿಗೆ ಸಲ್ಲಿಸಿ. ಹಲವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹೊಸ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿದ ತಿದ್ದುಪಡಿ ಪತ್ರ ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ.

ಹಸು ಸತ್ತರೆ ಕೂಡಲೇ ಕಂಪನಿಗೂ ಪಶುವೈದ್ಯರಿಗೂ ತಿಳಿಸಿ, ಮರಣೋತ್ತರ ಪರೀಕ್ಷೆಗೆ ಮೊದಲು ಹೂಳಬೇಡಿ. ಓಲೆಯನ್ನು ನೀವೇ ಕತ್ತರಿಸದೆ, ಅದು ಕಿವಿಯಲ್ಲಿ ಇರುವಾಗಲೇ ಸಂಖ್ಯೆ ಕಾಣುವಂತೆ ಫೋಟೋ ತೆಗೆಸಿ. ಆ ಓಲೆಯನ್ನು ವೈದ್ಯರ ವರದಿ, ಚಿಕಿತ್ಸೆಯ ಚೀಟಿಗಳು ಮತ್ತು ಕ್ಲೇಮ್ ಅರ್ಜಿಯೊಂದಿಗೆ ಒಪ್ಪಿಸಬೇಕಾಗುತ್ತದೆ. ಪಾಲಿಸಿ ಆರಂಭದ ಮೊದಲ ಕೆಲವು ದಿನಗಳಲ್ಲಿ, ಸಾಮಾನ್ಯವಾಗಿ 15 ದಿನ, ರೋಗದಿಂದ ಆದ ಸಾವಿಗೆ ಪರಿಹಾರ ಇರುವುದಿಲ್ಲ.