ಮುಚ್ಚಿದ ಪುಸ್ತಕದಲ್ಲಿ ಸಿಕ್ಕ ಮೂರು ತಪ್ಪು

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗೋಣಿಕೊಪ್ಪ ಕಡೆ ಅಣ್ಣ ತಮ್ಮ ಸೇರಿ ಕಾಫಿ ಪುಡಿ, ಕರಿಮೆಣಸು ಮಾರುವ ಅಂಗಡಿ ನಡೆಸುತ್ತಾರೆ. ಲಾಭ ಅರ್ಧರ್ಧ. 2024ರ ಏಪ್ರಿಲ್ 1ರಿಂದ ಅಣ್ಣನ ಮಗಳೂ ಪಾಲುದಾರಳಾದಳು. ಹೊಸ ಪಾಲು ಅಣ್ಣನಿಗೆ 40, ತಮ್ಮನಿಗೆ 40, ಅವಳಿಗೆ 20. ಜುಲೈನಲ್ಲಿ ಮೂವರೂ ನನ್ನ ಬಳಿ ಬಂದಾಗ ಅಣ್ಣ ತಮ್ಮ ಮಾತು ಬಿಟ್ಟಿದ್ದರು.

ಮಾರ್ಚ್ 31ಕ್ಕೆ ಪುಸ್ತಕ ಮುಚ್ಚಿ, ಲಾಭ ಹಂಚಿಯೂ ಆಗಿತ್ತು. ಆಮೇಲೆ ಮೂರು ತಪ್ಪು ಸಿಕ್ಕಿದವು. ಅಕ್ಟೋಬರ್ 1ರಂದು ಕೊಂಡ 1,20,000 ರೂಪಾಯಿಯ ಕಾಫಿ ಹುರಿಯುವ ಯಂತ್ರವನ್ನು ರಿಪೇರಿ ಖರ್ಚಿಗೆ ಬರೆದಿದ್ದರು. ಮಾರ್ಚ್ ಕೊನೆಯಲ್ಲಿ ಬೆಳೆಗಾರರೊಬ್ಬರಿಂದ ಸಾಲಕ್ಕೆ ತಂದ 48,000 ರೂಪಾಯಿಯ ಕರಿಮೆಣಸಿನ ಬಿಲ್ ಪುಸ್ತಕಕ್ಕೇ ಏರಿರಲಿಲ್ಲ. ತಮ್ಮನ ಮಗಳ ಕಾಲೇಜು ಫೀಸ್ 30,000 ಸಂಬಳದ ಖಾತೆಯಲ್ಲಿ ಕೂತಿತ್ತು.

"ಮೇಡಂ, ತಾಳೆಪಟ್ಟಿ ಸರಿಯಾಗೇ ಇತ್ತಲ್ವಾ?" ಅಂದರು ಅಣ್ಣ. ಇತ್ತು. ಇಂಥ ತಪ್ಪುಗಳಲ್ಲಿ ಡೆಬಿಟ್ಟು ಕ್ರೆಡಿಟ್ಟು ಎರಡೂ ಸಮ ಇರುತ್ತವೆ, ಇಲ್ಲವೇ ಎರಡೂ ಇರುವುದಿಲ್ಲ. ಎರಡರ ಮೊತ್ತ ಸಮವೇ ಅಂತ ಮಾತ್ರ ನೋಡುವ ತಾಳೆಪಟ್ಟಿಗೆ ಗೊತ್ತೇ ಆಗುವುದಿಲ್ಲ. ಬೆಳೆಗಾರರು ದುಡ್ಡು ಕೇಳಲು ಬಂದಾಗ ಒಂದು ಗೊತ್ತಾಯಿತು. ವಿಮೆಗೆ ಆಸ್ತಿ ಪಟ್ಟಿ ಮಾಡುವಾಗ ಯಂತ್ರವೇ ಕಾಣದೆ ಇನ್ನೊಂದು. ಅಲ್ಲಿಂದ ಹಳೇ ವೋಚರ್ ತೆಗೆದಾಗ ಮೂರನೆಯದು.

ಫೀಸ್ ವಿಷಯಕ್ಕೇ ಜಗಳ ಹತ್ತಿದ್ದು. ತಮ್ಮ ಬಚ್ಚಿಟ್ಟಿದ್ದಾನೆ ಅಂತ ಅಣ್ಣನ ಗುಮಾನಿ. ಚೆಕ್ ಪುಸ್ತಕ ತರಿಸಿ ನೋಡಿದೆ. ಹರಿದ ಚೆಕ್ಕಿನ ಉಳಿದ ಚೂರಿನಲ್ಲಿ ತಮ್ಮನ ಕೈಯಲ್ಲೇ "ಮಗಳ ಕಾಲೇಜು ಫೀಸ್" ಅಂತ ಬರೆದಿತ್ತು. ಹಿಂದೆ ಮುಂದೆ ಇದ್ದದ್ದೆಲ್ಲ ಸಂಬಳದ ಚೆಕ್ಕುಗಳು. ಲೆಕ್ಕ ಬರೆಯುವವರು ಸಾಲಾಗಿ ಎಲ್ಲವನ್ನೂ ಸಂಬಳಕ್ಕೆ ಏರಿಸಿದ್ದರು. ಆ ಚೂರನ್ನು ಅಣ್ಣನ ಮುಂದೆ ಇಟ್ಟೆ. ಅವರು ತುಂಬಾ ಹೊತ್ತು ಓದಿದರು.

ಇನ್ನು ಸರಿಪಡಿಸುವ ದಾರಿ. ಲೆಕ್ಕದವರು ಈ ವರ್ಷದ ಖಾತೆಗಳಲ್ಲೇ ತಿರುಗಿಸಿ ಬರೆಯೋಣ ಅಂದಿದ್ದರಂತೆ. ನಾನು ಬೇಡವೆಂದೆ. ಈ ವರ್ಷ ರಿಪೇರಿಗೆ ಆಗಿರುವುದೇ 14,000. ಅದಕ್ಕೆ 1,20,000 ಕ್ರೆಡಿಟ್ ಮಾಡಿದರೆ ಖರ್ಚಿನ ಖಾತೆ 1,06,000 ಉಲ್ಟಾ ತೋರಿಸುತ್ತದೆ. ಹಾಗೆಂದು ಹಳೇ ಪುಸ್ತಕವನ್ನು ತಿದ್ದುವುದೂ ಸಲ್ಲದು. ಅದರ ಬದಲು ಲಾಭ ನಷ್ಟ ಹೊಂದಾಣಿಕೆ ಖಾತೆ ಅಂತ ಒಂದು ತೆರೆಯಲು ಹೇಳಿದೆ. ಹೋದ ವರ್ಷದ ಲಾಭಕ್ಕೆ ತಾಗುವುದೆಲ್ಲ ಅದರೊಳಗೇ ಬರಬೇಕು. ಪ್ರತಿ ಎಂಟ್ರಿಗೂ ಇವತ್ತಿನ ತಾರೀಕು ಹಾಕಿ, ವಿವರಣೆಯಲ್ಲಿ ಹಳೇ ವೋಚರ್ ನಂಬರ್ ಬರೆಯಬೇಕು.

ಯಂತ್ರದ ಖಾತೆ ಡೆಬಿಟ್ 1,20,000, ಹೊಂದಾಣಿಕೆ ಖಾತೆ ಕ್ರೆಡಿಟ್. ಆದರೆ ಯಂತ್ರ ಆಸ್ತಿಯಾದ ಮೇಲೆ ಸವಕಳಿಯೂ ಬರಬೇಕು. ಇವರು ವರ್ಷಕ್ಕೆ ಮೂಲ ಬೆಲೆಯ 10 ಪರ್ಸೆಂಟ್ ಕಳೆಯುತ್ತಾರೆ. ಆರು ತಿಂಗಳಿಗೆ 6,000. ಹೊಂದಾಣಿಕೆ ಡೆಬಿಟ್, ಯಂತ್ರ ಕ್ರೆಡಿಟ್. ಜಾಸ್ತಿ ಜನ ಮರೆಯುವುದು ಈ ಎರಡನೇ ಎಂಟ್ರಿಯನ್ನೇ.

ಮೆಣಸಿನ ಬಿಲ್ಲಿಗೆ ಮೊದಲು ಮಾರ್ಚ್ 31ರ ದಾಸ್ತಾನು ಪಟ್ಟಿ ಕೇಳಿದೆ. ಆ ಮೂಟೆಗಳು ಎಣಿಕೆಯಲ್ಲಿ ಸೇರಿದ್ದವು. ಅಂದರೆ ಮಾಲು ಲೆಕ್ಕದಲ್ಲಿದೆ, ಖರೀದಿ ಇಲ್ಲ. ಲಾಭ 48,000 ಉಬ್ಬಿದೆ. ದಾಸ್ತಾನಿನಲ್ಲೂ ಬಿಟ್ಟುಹೋಗಿ ಮೂಟೆ ಗೋದಾಮಿನಲ್ಲೇ ಇದ್ದಿದ್ದರೆ ಲಾಭ ಬದಲಾಗುತ್ತಿರಲಿಲ್ಲ. ಆಗ ದಾಸ್ತಾನು ಮತ್ತು ಕೊಡಬೇಕಾದ ಬಾಕಿ ಎರಡನ್ನೂ ಏರಿಸಿದರೆ ಸಾಕಿತ್ತು. ಇಲ್ಲಿ ಹೊಂದಾಣಿಕೆ ಡೆಬಿಟ್, ಬೆಳೆಗಾರರ ಖಾತೆ ಕ್ರೆಡಿಟ್. ಫೀಸಿಗೆ ತಮ್ಮನ ಸ್ವಂತ ಹಿಂತೆಗೆತ ಡೆಬಿಟ್ 30,000, ಹೊಂದಾಣಿಕೆ ಕ್ರೆಡಿಟ್.

ಕೂಡಿ ಕಳೆದರೆ ಹೋದ ವರ್ಷದ ಲಾಭ 96,000 ಕಡಿಮೆ ತೋರಿಸಲಾಗಿತ್ತು. ಇದನ್ನು ಹಂಚಬೇಕಾದ್ದು ಹಳೇ ಪಾಲಿನಲ್ಲಿ. ಅಣ್ಣನ ಬಂಡವಾಳಕ್ಕೆ 48,000, ತಮ್ಮನಿಗೆ 48,000. ತಮ್ಮನಿಗೆ ಹಿಂತೆಗೆತ ಕಳೆದು ನಿಲ್ಲುವುದು 18,000. ಈ ವರ್ಷದ ಲಾಭದಲ್ಲಿ ಬೆರೆಸಿದ್ದರೆ ಅಣ್ಣನ ಮಗಳಿಗೆ 19,200 ಹೋಗುತ್ತಿತ್ತು. ಆ ದುಡ್ಡು ಹುಟ್ಟಿದಾಗ ಅವಳು ಪಾಲುದಾರಳೇ ಅಲ್ಲ. ಅಣ್ಣ ತಮ್ಮ ಇಬ್ಬರಿಗೂ ತಲಾ 9,600 ಖೋತಾ. ಅಣ್ಣನದು ಮಗಳ ಮೂಲಕ ಮನೆಗೇ ಬರುತ್ತಿತ್ತು, ತಮ್ಮನದು ಹೋದಂತೆಯೇ. ಅದು ಗೊತ್ತಾಗಿದ್ದರೆ ಜಗಳ ಇನ್ನೂ ದೊಡ್ಡದಾಗುತ್ತಿತ್ತು, ಅದೂ ನ್ಯಾಯವಾಗಿಯೇ.

ಹೋದ ವರ್ಷದ ಆದಾಯ ತೆರಿಗೆ ರಿಟರ್ನ್ ಇನ್ನೂ ಹಾಕಿರಲಿಲ್ಲ. ತಿದ್ದಿದ ಲಾಭದ ಮೇಲೇ ಹಾಕಲು ಹೇಳಿದೆ. ತೆರಿಗೆಯ ಸವಕಳಿ ದರ ಬೇರೆ ಇರುವುದರಿಂದ ಆ ಲೆಕ್ಕಕ್ಕೆ ಅವರ ಆಡಿಟರ್ ಬಳಿ ಕಳಿಸಿದೆ.

"ಹಾಗಾದ್ರೆ ಯಂತ್ರದ ಈ ವರ್ಷದ ಸವಕಳಿ ನನಗೂ ಬೀಳುತ್ತಾ?" ಅಂತ ಕೇಳಿದಳು ಮಗಳು. ಬೀಳುತ್ತದೆ. ಈ ವರ್ಷದ 12,000 ಈ ವರ್ಷದ ಖರ್ಚು, ಅವಳ ಪಾಲು 2,400. ಚಿಕ್ಕಪ್ಪನೇ ಅದನ್ನು ಕಾಗದದ ಮೇಲೆ ಬರೆದು ಅವಳಿಗೆ ವಿವರಿಸಿದರು.