ಮೊದಲ ಮಳೆಗೆ ಮೂರಡಿ ಪೈಪ್ ಸಾಕಾ? ಸಂಪು ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ವಿದ್ಯಾರಣ್ಯಪುರದಲ್ಲಿ 30×40 ಸೈಟಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ನಾವು ನಾಲ್ಕು ಜನ. ಮಳೆನೀರಿಗೆ 20,000 ಲೀಟರ್ ಸಂಪು ತೆಗೆಸಿ ಎನ್ನುತ್ತಾರೆ ಮೇಸ್ತ್ರಿ. ಮೊದಲ ಮಳೆಯ ಕೊಳೆ ನೀರು ಹೋಗೋಕೆ ಮೂರಡಿ ಪೈಪ್ ಇಟ್ಟರೆ ಸಾಕು ಎನ್ನುತ್ತಾರೆ ಪ್ಲಂಬರ್. ಕಾವೇರಿ ನೀರಿನ ಸಂಪಿಗೇ ಮಳೆನೀರು ಬಿಟ್ಟರೆ ಆಗಲ್ವಾ? ದಾರಿ ಹೇಳಿ.

ಉತ್ತರ: ಮೇಸ್ತ್ರಿ ಹೇಳಿದ್ದು ಜಾಸ್ತಿಯಾಯಿತು, ಪ್ಲಂಬರ್ ಹೇಳಿದ್ದು ತೀರಾ ಕಡಿಮೆಯಾಯಿತು. ಎರಡಕ್ಕೂ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸುತ್ತ ಜಾಗ ಬಿಟ್ಟು ಕಟ್ಟಿದರೆ ನಿಮ್ಮ ಟೆರೇಸ್ ಸುಮಾರು 1,000 ಚದರ ಅಡಿ, ಅಂದರೆ 93 ಚದರ ಮೀಟರ್ ಆಗುತ್ತದೆ. ಕಾಂಕ್ರೀಟ್ ಸ್ವಲ್ಪ ಹೀರುತ್ತದೆ, ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಹೊರಗೆ ಚಿಮ್ಮುತ್ತದೆ. ಕೈಗೆ ಸಿಗೋದು ನೂರಕ್ಕೆ 80 ಭಾಗ ಎಂದು ಹಿಡಿಯೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಟೆರೇಸಿಂದ ವರ್ಷಕ್ಕೆ ಸುಮಾರು 72,000 ಲೀಟರ್ ನೀರು ಇಳಿಯುತ್ತದೆ.

ಮೊದಲು ಮೂರಡಿ ಪೈಪಿನ ವಿಷಯ. ಮಳೆ ಶುರುವಾದಾಗ ಮೊದಲ ಒಂದು ಮಿಲಿಮೀಟರ್ ನೀರು ಟೆರೇಸಿನ ಧೂಳು, ಎಲೆ, ಹಕ್ಕಿಯ ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ. ನಿಮಗೆ ಅದು 93 ಲೀಟರ್. ಇಷ್ಟು ನೀರು ಸಂಪಿನ ಕಡೆ ಹೋಗದೆ ಬೇರೆ ಕಡೆ ನಿಲ್ಲಬೇಕು. ನಾಲ್ಕಿಂಚಿನ ಪೈಪಿನಲ್ಲಿ ಒಂದು ಮೀಟರಿಗೆ ಹಿಡಿಯೋದು ಎಂಟೂವರೆ ಲೀಟರ್ ಮಾತ್ರ. ಮೂರಡಿಯಲ್ಲಿ ಎಂಟು ಲೀಟರ್ ಕೂಡ ನಿಲ್ಲೋದಿಲ್ಲ. ನೀವು ಹೊರಹಾಕಬೇಕಾದ ಕೊಳೆಯ ಹನ್ನೆರಡರಲ್ಲಿ ಒಂದು ಪಾಲು ಅಷ್ಟೇ ಅದು. ನಮ್ಮ ಮನೆಗೂ ಮೊದಲು ಇಂಥದ್ದೇ ಹಾಕಿಸಿದ್ದೆ. ಎರಡು ಮಳೆಗಾಲ ಸಂಪಿನ ತಳದಲ್ಲಿ ಕಪ್ಪು ಕೆಸರು ಕೂರುತ್ತಿತ್ತು, ನೀರು ವಾಸನೆ ಬರುತ್ತಿತ್ತು. ಫಿಲ್ಟರ್ ಸರಿಯಿಲ್ಲ ಎಂದುಕೊಂಡು ಎರಡು ಸಲ ಬದಲಾಯಿಸಿದೆ. ಲೆಕ್ಕ ಹಾಕಿ ನೋಡಿದ ಮೇಲೆ ತಪ್ಪು ಪೈಪಿನಲ್ಲಿದೆ ಅಂತ ಗೊತ್ತಾಯಿತು.

ನಿಮ್ಮದು ಇನ್ನೂ ಕಟ್ಟುತ್ತಿರೋ ಮನೆ, ಹಾಗಾಗಿ ಹೀಗೆ ಮಾಡಿಸಿ. ಟೆರೇಸಿನಿಂದ ನೀರು ಇಳಿಯೋಕೆ ಎರಡು ಪೈಪ್ ಇಡಿ, ಒಂದೊಂದಕ್ಕೆ ಅರ್ಧ ಟೆರೇಸ್ ಬರಲಿ. ನೆಲದಿಂದ ಸುಮಾರು ಹತ್ತಡಿ ಎತ್ತರದಲ್ಲಿ ಪ್ರತಿ ಪೈಪಿಗೂ ಮೂರು ಬಾಯಿಯ ಒಂದು ಟೀ ಜೋಡಣೆ ಕೂರಿಸಿ. ಟೀಯ ಅಡ್ಡ ಬಾಯಿಂದ ನೀರು ಫಿಲ್ಟರಿಗೆ, ಅಲ್ಲಿಂದ ಸಂಪಿಗೆ ಹೋಗಲಿ. ಕೆಳಗಿನ ಬಾಯಿಗೆ ನಾಲ್ಕಿಂಚಿನ ಪೈಪನ್ನು ಆರಿಂಚಿನದಕ್ಕೆ ಸೇರಿಸುವ ರೆಡ್ಯೂಸರ್ ಹಾಕಿ, ಒಂಬತ್ತಡಿ ಉದ್ದದ ಆರಿಂಚಿನ ಪೈಪ್ ನೆಟ್ಟಗೆ ನಿಲ್ಲಿಸಿ. ಆರಿಂಚಿನ ಪೈಪ್ ಒಂದು ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತದೆ. ಹಾಗಾಗಿ ಒಂದೊಂದರಲ್ಲಿ 49 ಲೀಟರ್, ಎರಡರಲ್ಲೂ ಸೇರಿ 98 ಲೀಟರ್ ನಿಲ್ಲುತ್ತದೆ. ಒಳಗೆ ಐದಿಂಚಿನ ಪೊಳ್ಳು ಪ್ಲಾಸ್ಟಿಕ್ ಚೆಂಡು ಬಿಡಿ. ಪೈಪ್ ತುಂಬುತ್ತಿದ್ದಂತೆ ಚೆಂಡು ತೇಲಿ ಮೇಲೆ ಬಂದು ನಾಲ್ಕಿಂಚಿನ ಬಾಯಿ ಮುಚ್ಚುತ್ತದೆ. ಆಮೇಲೆ ಬರೋ ನೀರು ಸಂಪಿನ ದಾರಿ ಹಿಡಿಯುತ್ತದೆ. ತುಂಬಿದಾಗ ಒಂದೊಂದು ಪೈಪ್ 50 ಕೆ.ಜಿ.ಯಷ್ಟು ಭಾರ ಆಗುತ್ತದೆ, ಗೋಡೆಗೆ ಕ್ಲಾಂಪ್ ಗಟ್ಟಿಯಾಗಿರಲಿ. ಪಾರಿವಾಳ ಜಾಸ್ತಿ ಕೂರುವ ಮನೆಯಾದರೆ ಒಂದಲ್ಲ, ಎರಡು ಮಿಲಿಮೀಟರ್ ಲೆಕ್ಕ ಹಿಡಿಯಬೇಕು.

ಪೈಪಿನ ತಳಕ್ಕೆ ಬಿಚ್ಚೋಕೆ ಬರುವ ಮುಚ್ಚಳ ಹಾಕಿ, ಅದರಲ್ಲಿ ಎರಡು ಮಿ.ಮೀ. ತೂತು ಇಡಿ. ಇದೇ ಮುಖ್ಯ. ಕೈಯಲ್ಲಿ ತೆರೆಯುವ ವಾಲ್ವ್ ಮಾತ್ರ ಇಟ್ಟರೆ ಎರಡು ವಾರ ತೆರೆಯುತ್ತೀರಿ, ಆಮೇಲೆ ಮರೆತುಹೋಗುತ್ತದೆ. ಪೈಪಿನಲ್ಲಿ ನಿನ್ನೆಯ ನೀರೇ ತುಂಬಿಕೊಂಡಿದ್ದರೆ ಇವತ್ತಿನ ಕೊಳೆ ಪೂರ್ತಿ ಸಂಪಿಗೆ ಇಳಿಯುತ್ತದೆ. ತೂತು ಇದ್ದರೆ ಮಳೆ ನಿಂತ ಎರಡು ಮೂರು ಗಂಟೆಯಲ್ಲಿ ಪೈಪ್ ತಾನೇ ಖಾಲಿಯಾಗುತ್ತದೆ. ಮಳೆ ಬರುವಾಗ ಸ್ವಲ್ಪ ನೀರು ತೂತಿನಿಂದ ಹೋಗುತ್ತದೆ, ಹೋಗಲಿ ಬಿಡಿ. ಸಂಜೆ ಮಳೆ ಬಂದ ಮಾರನೇ ದಿನ ಬೆಳಗ್ಗೆ ಪೈಪ್ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಸರಿಯಿದೆ. ತುಂಬಿದ ಸದ್ದು ಬಂದರೆ ತೂತು ಕಟ್ಟಿದೆ ಎಂದರ್ಥ, ಮುಚ್ಚಳ ಬಿಚ್ಚಿ ತೊಳೆಯಿರಿ.

ಇನ್ನೊಂದು ಮಾತು. ನಮ್ಮಲ್ಲಿ ವಾಷಿಂಗ್ ಮೆಷಿನ್ ಟೆರೇಸಿನಲ್ಲಿಡೋದು ರೂಢಿ. ಅದರ ಸೋಪಿನ ನೀರನ್ನು ಎಷ್ಟೋ ಕಡೆ ಮಳೆನೀರಿನ ಪೈಪಿಗೇ ಸೇರಿಸಿಬಿಡುತ್ತಾರೆ. ಅದಕ್ಕೆ ಬೇರೆ ಪೈಪ್ ಬೇಕೇ ಬೇಕು. ಪ್ಲಾಸ್ಟರಿಂಗ್ ಆಗೋ ಮುಂಚೆಯೇ ಪ್ಲಂಬರಿಗೆ ಹೇಳಿ.

ಕಾವೇರಿ ಸಂಪಿಗೇ ಬಿಡೋದು ಬೇಡ. ಕೊಳೆಯ ಭಯ ಒಂದೇ ಅಲ್ಲ, ಜಾಗದ ತೊಂದರೆಯೂ ಇದೆ. ನೀರು ಬಿಟ್ಟ ದಿನ ಆ ಸಂಪು ಬಾಯಿತನಕ ತುಂಬಿರುತ್ತದೆ. ಅದೇ ಸಂಜೆ ಜೋರು ಮಳೆ ಬಂದರೆ ನೀರು ಸುಮ್ನೆ ಚರಂಡಿಗೆ ಹರಿಯುತ್ತದೆ.

ಹಾಗಾದರೆ ಮಳೆನೀರಿನ ಸಂಪು ಎಷ್ಟು ದೊಡ್ಡದಿರಬೇಕು? ಫ್ಲಷ್, ಬಟ್ಟೆ, ನೆಲ ಒರೆಸೋದು, ಗಿಡ ಎಲ್ಲ ಸೇರಿ ನಾಲ್ಕು ಜನರ ಮನೆಗೆ ದಿನಕ್ಕೆ 300 ಲೀಟರ್ ಎಂದಿಟ್ಟುಕೊಳ್ಳಿ. ಸೆಪ್ಟೆಂಬರಿನ ಒಂದು ವಾರ ಊಹಿಸಿಕೊಳ್ಳಿ. ಸಂಪಿನಲ್ಲಿ 1,000 ಲೀಟರ್ ಇದೆ. ಸೋಮವಾರ 40 ಮಿ.ಮೀ. ಮಳೆಯಾಯಿತು, ಸುಮಾರು 3,000 ಲೀಟರ್ ಬಂತು. ಗುರುವಾರ 30 ಮಿ.ಮೀ. ಆಯಿತು, ಇನ್ನೊಂದು 2,200 ಲೀಟರ್ ಬಂತು.

ನಿಮ್ಮದು 2,000 ಲೀಟರ್ ಸಂಪಾದರೆ ಸೋಮವಾರವೇ 2,000 ಲೀಟರ್ ತುಂಬಿ ಹೊರಗೆ ಹೋಗುತ್ತದೆ. ಮೂರು ದಿನ ಬಳಸಿದ ಮೇಲೆ 1,100 ಉಳಿದಿರುತ್ತದೆ, ಗುರುವಾರ ಮತ್ತೆ 1,300 ಹೋಗುತ್ತದೆ. ಒಟ್ಟು ನಷ್ಟ 3,300 ಲೀಟರ್. ಅದೇ 5,000 ಲೀಟರ್ ಸಂಪಿನಲ್ಲಿ ಸೋಮವಾರ 4,000 ಆಗುತ್ತದೆ, ಗುರುವಾರದ ಹೊತ್ತಿಗೆ 3,100 ಉಳಿದಿರುತ್ತದೆ. ಆಮೇಲೆ 2,200 ಸೇರಿದರೆ ಹೊರಗೆ ಹೋಗೋದು ಬರೀ 300 ಲೀಟರ್. ಆ ವಾರ 20,000 ಲೀಟರ್ ಸಂಪು ಕಟ್ಟಿದ್ದರೂ ನಿಮಗೆ ಹೆಚ್ಚಿಗೆ ಸಿಗುತ್ತಿದ್ದದ್ದು ಆ 300 ಲೀಟರ್ ಅಷ್ಟೇ!

ದೊಡ್ಡ ಸಂಪು ಬೇಸಿಗೆಗೆ ಆಗುತ್ತದಲ್ವಾ ಎಂದು ಮೇಸ್ತ್ರಿ ಕೇಳಬಹುದು. ಡಿಸೆಂಬರಿಂದ ಮಾರ್ಚ್ ತನಕ ಇಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ನಾಲ್ಕು ತಿಂಗಳಿಗೆ 300ರ ಲೆಕ್ಕದಲ್ಲಿ 36,000 ಲೀಟರ್ ಬೇಕು. 20,000 ಲೀಟರ್ ತುಂಬಿಟ್ಟರೂ ಎರಡು ತಿಂಗಳಲ್ಲಿ ಮುಗಿಯುತ್ತದೆ, ಆಮೇಲೆ ಖಾಲಿ ಬಿದ್ದಿರುತ್ತದೆ. ಆ ದುಡ್ಡನ್ನು ಇಂಗುಗುಂಡಿಗೆ ಹಾಕಿ.

ಹಾಗಾಗಿ 5,000 ಲೀಟರ್ ಸಾಕು. ಒಳ ಅಳತೆ 7 ಅಡಿ ಉದ್ದ, 5 ಅಡಿ ಅಗಲ, ನೀರಿನ ಆಳ 5 ಅಡಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅದರ ಮೇಲೆ ಅರ್ಧ ಅಡಿ ಖಾಲಿ ಬಿಡಿ. ಕಾವೇರಿ ಸಂಪು ತೋಡುವಾಗಲೇ ಪಕ್ಕದಲ್ಲಿ ಇದನ್ನೂ ತೋಡಿಸಿದರೆ ಖರ್ಚು ಕಡಿಮೆ, ಆದರೆ ನಡುವೆ ಸೋರದ ಗೋಡೆ ಇರಬೇಕು. ತುಂಬಿ ಹೆಚ್ಚಾದ ನೀರಿನ ಪೈಪ್, ಒಳಗೆ ಬರುವ ಪೈಪಿಗಿಂತ ಸಣ್ಣದಿರಬಾರದು. ಅದರ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ ಇಂಗುಗುಂಡಿಗೆ ಬಿಡಿ. 2009ರ ಕಾನೂನಿನ ಪ್ರಕಾರ 30×40 ಸೈಟಿನ ಹೊಸ ಮನೆಗೆ ಮಳೆಕೊಯ್ಲು ಕಡ್ಡಾಯ, ಹಾಗಾಗಿ ಜಲಮಂಡಳಿಗೆ ಕೊಡುವ ನಕ್ಷೆಯಲ್ಲಿ ಸಂಪು, ಗುಂಡಿ ಎರಡನ್ನೂ ತೋರಿಸಿ. ಕುಡಿಯೋಕೆ ಬಳಸುವ ಯೋಚನೆ ಇದ್ದರೆ ಮಾತ್ರ ಮೊದಲು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ.

ಮೊದಲ ಜೋರು ಮಳೆ ದಿನ ಒಂದು ಕೆಲಸ ಮಾಡಿ. ಮಳೆ ಶುರುವಾಗಿ ಹತ್ತು ನಿಮಿಷ ಆದ ಮೇಲೆ ಸಂಪಿನ ಬಾಯಲ್ಲಿ ಒಂದು ಗಾಜಿನ ಲೋಟ ಹಿಡಿಯಿರಿ. ನೀರು ತಿಳಿಯಾಗಿದ್ದರೆ ಪೈಪ್ ತನ್ನ ಕೆಲಸ ಮಾಡುತ್ತಿದೆ. ಕಂದು ಬಣ್ಣ ಇದ್ದರೆ ಚೆಂಡು ಬಾಯಿಗೆ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಪೈಪ್ ಮೊದಲೇ ತುಂಬಿತ್ತು. ಮೊದಲು ತಳದ ಮುಚ್ಚಳ ಬಿಚ್ಚಿ ನೋಡಿ.